ಚೀಟಿ ಎತ್ತುವ ಮೊದಲೇ ಮುಗಿಯಬೇಕಾದ ಕೆಲಸ

ದೇವದುರ್ಗ, ಮಾನ್ವಿ, ರಾಯಚೂರು ಕಡೆ ಮೊಬೈಲ್ ಹಿಡಿದು ವಿಡಿಯೊ ಮಾಡುವವರಿಗೆ ಕೊರತೆಯಿಲ್ಲ. ಹತ್ತಿ ಹೊಲದಲ್ಲಿ ನಿಂತು ಔಷಧಿ ಹೊಡೆಯುವ ಬಗ್ಗೆ ಹೇಳುವವರಿದ್ದಾರೆ, ಹಳ್ಳಿಯ ಹಾಸ್ಯ ಮಾಡುವವರಿದ್ದಾರೆ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಪಾಠ ಹೇಳುವವರೂ ಇದ್ದಾರೆ. ಚಾನೆಲ್ ಸ್ವಲ್ಪ ಬೆಳೆದ ಕೂಡಲೇ ಇವರೆಲ್ಲರ ತಲೆಯಲ್ಲಿ ಬರುವ ವಿಚಾರ ಒಂದೇ: ನೋಡುವವರಿಗೆ ಏನಾದರೂ ಬಹುಮಾನ ಇಡೋಣ. ಇಡುತ್ತಾರೆ. ಒಂದು ವಾರದ ನಂತರ ಯಾರದೋ ಹೆಸರು ಹೇಳಿ ಚಪ್ಪಾಳೆ ತಟ್ಟುತ್ತಾರೆ. ಅದರ ಕೆಳಗೆ ಕಮೆಂಟ್ ಬರುತ್ತದೆ: ‘ಎಲ್ಲಾ ಅವರವರ ಮಂದಿಗೇ ಕೊಟ್ಕೊಂಡ್ರು ಬಿಡ್ರಿ.’

ಈ ಮಾತು ಸುಳ್ಳಿರಬಹುದು. ಆದರೆ ಸುಳ್ಳೆಂದು ತೋರಿಸಿಕೊಡಲು ಚಾನೆಲ್‌ನವರ ಹತ್ತಿರ ಏನಿದೆ ಎಂಬುದೇ ಇಲ್ಲಿರುವ ಪ್ರಶ್ನೆ. ಬಹುಮಾನ ಸ್ಪರ್ಧೆಗೆ ಸಂಬಂಧಿಸಿದ ಕಾನೂನು, ಯೂಟ್ಯೂಬ್ ಮತ್ತು ಫೇಸ್‌ಬುಕ್‌ನ ನಿಯಮ, ಆಯ್ಕೆಯ ವಿಧಾನ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವು ಕೇಳುವುದು ಹೆಚ್ಚುಕಡಿಮೆ ಒಂದನ್ನೇ. ಯಾರು ಗೆಲ್ಲಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಆಯೋಜಕ ಎಲ್ಲರ ಕಣ್ಣೆದುರು, ಮೊದಲೇ, ಬಿಟ್ಟುಕೊಡಬೇಕು. ಉಳಿದ ಅಧಿಕಾರ ಎಷ್ಟೋ ಅಷ್ಟೇ ಅನುಮಾನ, ಅಷ್ಟೇ ಅಪಾಯ.

ಬೆಂಗಳೂರಿನ ಪದಬಂಧ

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಹಳೆಯ ಮೊಕದ್ದಮೆ ಇದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಆರ್‌ಎಂಡಿಸಿ ಕ್ರಾಸ್‌ವರ್ಡ್ ಎಂಬ ಬಹುಮಾನದ ಪದಬಂಧ ನಡೆಸುತ್ತಿತ್ತು. ಅದರ ಹಿಂದೆ ಇದ್ದವರು ಚಮರ್‌ಬಾಗ್‌ವಾಲಾ ಮತ್ತು ಅವರ ಮೈಸೂರು ಕಂಪನಿ. ಪತ್ರಿಕೆಗೆ ಮುಂಬಯಿ ರಾಜ್ಯದಲ್ಲಿ ದೊಡ್ಡ ಓದುಗ ಬಳಗವಿತ್ತು. ಅಲ್ಲಿ ಪ್ರವೇಶಪತ್ರ, ಶುಲ್ಕ ಎರಡನ್ನೂ ಸಂಗ್ರಹಿಸುವ ಕೇಂದ್ರಗಳಿದ್ದವು. ಮುಂಬಯಿ ಸರ್ಕಾರ ತನ್ನ ಲಾಟರಿ ಮತ್ತು ಬಹುಮಾನ ಸ್ಪರ್ಧೆ ಕಾಯ್ದೆಯನ್ನು ತಿದ್ದಿ, ಹೊರ ರಾಜ್ಯದ ಪತ್ರಿಕೆಯಾದರೂ ಇಲ್ಲಿ ಲೈಸೆನ್ಸ್ ಪಡೆಯಬೇಕು, ತೆರಿಗೆ ಕಟ್ಟಬೇಕು ಎಂದಿತು. ಕಂಪನಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದಿತು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನಲ್ಲಿ ಸೋತಿತು.

ಆ ತೀರ್ಪಿನಲ್ಲಿ ಇಂದಿನ ಚಾನೆಲ್‌ಗಳಿಗೆ ನೇರವಾಗಿ ತಾಗುವ ಸಂಗತಿಗಳು ಎರಡು. ಮೊದಲನೆಯದು ಪದಬಂಧದ ಸ್ವರೂಪ. ಸುಳಿವಿಗೆ ಒಂದಕ್ಕಿಂತ ಹೆಚ್ಚು ಪದ ಹೊಂದುತ್ತಿದ್ದವು. ಯಾವುದು ‘ಸರಿ’ ಎಂಬುದನ್ನು ಸಂಘಟಕರು ತಮ್ಮಷ್ಟಕ್ಕೆ ಮೊದಲೇ ಆರಿಸಿಟ್ಟಿರುತ್ತಿದ್ದರು. ಭಾಷೆ ಎಷ್ಟೇ ಗೊತ್ತಿದ್ದರೂ ಸಂಘಟಕರ ಮನಸ್ಸಿನಲ್ಲಿರುವ ಪದವನ್ನು ಓದುಗ ಊಹಿಸಲೇಬೇಕಿತ್ತು. ಇಂಥದ್ದು ಜಾಣ್ಮೆಯ ಸ್ಪರ್ಧೆಯಲ್ಲ, ಜೂಜಿನ ಸ್ವಭಾವದ್ದು ಎಂದು ಕೋರ್ಟು ಹೇಳಿತು. ಅದೇ ದಿನ ಬಂದ ಇನ್ನೊಂದು ತೀರ್ಪು 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆಯ ಬಗ್ಗೆ. ಆ ಕಾಯ್ದೆ ಅಕ್ಷರ, ಪದ, ಅಂಕಿಗಳ ಒಗಟಿಗೆ ಬಹುಮಾನ ಇಡುವುದಕ್ಕೆ ಲೈಸೆನ್ಸ್ ಬೇಕೆನ್ನುತ್ತದೆ, ತಿಂಗಳಿಗೆ 1,000 ರೂಪಾಯಿಯ ಮಿತಿ ಹಾಕುತ್ತದೆ. ಅದೃಷ್ಟದ ಮೇಲೆ ನಿಂತ ಸ್ಪರ್ಧೆಗಳಿಗೆ ಮಾತ್ರ ಇದು ಅನ್ವಯ, ನಿಜವಾದ ಜಾಣ್ಮೆ ಬೇಡುವ ಸ್ಪರ್ಧೆಗಳಿಗೆ ಇಲ್ಲ ಎಂದು ಕೋರ್ಟು ಗೆರೆ ಎಳೆಯಿತು. ‘ನಾನು ಯಾವ ಸಂಖ್ಯೆ ಮನಸ್ಸಿನಲ್ಲಿ ಇಟ್ಕೊಂಡೀನಿ ಹೇಳ್ರಿ’ ಎಂದು ಕ್ಯಾಮೆರಾ ಮುಂದೆ ಕೇಳುವವರು ಈ ಗೆರೆಯ ಯಾವ ಕಡೆ ನಿಂತಿದ್ದಾರೆ ಎಂಬುದು ಸ್ಪಷ್ಟ.

ಎರಡನೆಯದು ಗಡಿಯ ಪ್ರಶ್ನೆ. ಪತ್ರಿಕೆ ಬೆಂಗಳೂರಿನದು, ಆದರೆ ಪ್ರವೇಶ ಮತ್ತು ಹಣ ಮುಂಬಯಿಯಲ್ಲಿ ಸೇರುತ್ತಿದ್ದರಿಂದ ಮುಂಬಯಿಯ ಕಾನೂನು ತಗುಲಿತು. ದೇವದುರ್ಗದ ಚಾನೆಲ್ಲನ್ನು ಗದ್ವಾಲದಲ್ಲೂ ನೋಡುತ್ತಾರೆ, ಸೊಲ್ಲಾಪುರದಲ್ಲೂ ನೋಡುತ್ತಾರೆ. ದೊಡ್ಡ ಕಂಪನಿಗಳ ಬಹುಮಾನ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ‘ತಮಿಳುನಾಡಿನ ನಿವಾಸಿಗಳಿಗೆ ಅನ್ವಯಿಸುವುದಿಲ್ಲ’ ಎಂದಿರುವುದನ್ನು ಹಲವರು ಓದಿರಬಹುದು. ಖರೀದಿಗೆ ಅಂಟಿಸಿದ ಬಹುಮಾನ ಯೋಜನೆಗಳನ್ನು ಅಲ್ಲಿ 1979ರ ಕಾಯ್ದೆ ನಿಷೇಧಿಸಿದೆ. ಸಣ್ಣ ಚಾನೆಲ್‌ಗೆ ಇದರಿಂದ ಸಿಗುವ ಬುದ್ಧಿ ಸರಳ: ಯಾವ ಜಿಲ್ಲೆಯವರು ಅಥವಾ ಯಾವ ರಾಜ್ಯದವರು ಭಾಗವಹಿಸಬಹುದು ಎಂದು ಮೊದಲೇ ಬರೆಯಿರಿ. ‘ಕರ್ನಾಟಕದಲ್ಲಿ ವಾಸಿಸುವ, 18 ತುಂಬಿದವರು’ ಎಂಬ ಒಂದು ಸಾಲು ಅರ್ಧ ತೊಡಕನ್ನು ಕಳೆಯುತ್ತದೆ.

ಹಣ ಕೇಳಿದ ಕೂಡಲೇ ಬದಲಾಗುವುದು

ಬಹುಮಾನ, ಅದೃಷ್ಟದ ಆಯ್ಕೆ, ಭಾಗವಹಿಸಲು ಕೊಡುವ ಹಣ. ಈ ಮೂರೂ ಸೇರಿದರೆ ಅದು ಲಾಟರಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಾಗಿದೆ. ಅನುಮತಿ ಇಲ್ಲದ ಲಾಟರಿಯ ಕಚೇರಿ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆಯ ಅಪರಾಧ. ಅಂಥದ್ದರ ಪ್ರಕಟಣೆ ಹೊರಡಿಸುವುದಕ್ಕೂ ಪ್ರತ್ಯೇಕ ದಂಡವಿದೆ. 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಜಾಣ್ಮೆಯದೋ ಅದೃಷ್ಟದ್ದೋ ಎಂದು ನೋಡದೆ ನಿಲ್ಲಿಸಿತು. ‘ಬರೀ 49 ರೂಪಾಯಿ ಫೋನ್‌ಪೇ ಮಾಡ್ರಿ, ಬೈಕ್ ಗೆಲ್ರಿ’ ಎನ್ನುವುದು ಪ್ರಚಾರದ ತಂತ್ರದ ಹಾಗೆ ಕಂಡರೂ ಕಾನೂನಿನ ಕಣ್ಣಿಗೆ ಬೇರೆಯೇ ವಸ್ತು.

ಹಣ ಬೇರೆ ವೇಷದಲ್ಲೂ ಬರುತ್ತದೆ. ಚಾನೆಲ್‌ನ ಸದಸ್ಯತ್ವ ಪಡೆದವರಿಗೆ ಮಾತ್ರ ಪ್ರವೇಶ, ಲೈವ್‌ನಲ್ಲಿ ಸೂಪರ್ ಚಾಟ್ ಕಳಿಸಿದವರ ಹೆಸರು ಮಾತ್ರ ಪಟ್ಟಿಗೆ, ಬೀಜದಂಗಡಿಯ ರಸೀದಿ ತೋರಿಸಿದವರಿಗೆ ಎರಡು ಚೀಟಿ ಎಂಬವೆಲ್ಲ ಹಣ ತೆತ್ತು ಪಡೆದ ಪ್ರವೇಶಗಳೇ. ಯೂಟ್ಯೂಬ್ ತನ್ನ ಸ್ಪರ್ಧಾ ನೀತಿಯಲ್ಲಿ ಪ್ರವೇಶ ಉಚಿತವಾಗಿರಲೇಬೇಕು ಎಂದು ಹೇಳಿದೆ. ಅಂಗಡಿಯ ವ್ಯಾಪಾರ ಬೆಳೆಸಲು ನಡೆಸುವ ಸ್ಪರ್ಧೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತದೆ. ಸರಕು ಅಥವಾ ವ್ಯಾಪಾರದ ಹಿತ ಬೆಳೆಸಲು ನಡೆಸುವ ಸ್ಪರ್ಧೆ, ಲಾಟರಿಗಳನ್ನು ಅದು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಇಟ್ಟಿದೆ. ಕೊಡುವ ಉದ್ದೇಶವಿಲ್ಲದೆ ಬಹುಮಾನ ಘೋಷಿಸುವುದೂ ಅದೇ ಪಟ್ಟಿಯಲ್ಲಿದೆ. ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸದೆ ಇರುವುದೂ ಅದೇ ಪಟ್ಟಿಯಲ್ಲಿದೆ. ಬಹುಮಾನ ಕೊಟ್ಟದ್ದು ನಿಜವಾದರೂ ಯಾರಿಗೆ ಎಂದು ಹೇಳದೆ ಸುಮ್ಮನಾದರೆ ಅದೇ ತಪ್ಪಾಗುತ್ತದೆ. ಅಂಗಡಿಯವರ ಸ್ಪ್ರೇಯರನ್ನು ಬಹುಮಾನವಾಗಿ ಕೊಡುವುದಾದರೆ ಅದನ್ನು ಅವರು ಕೊಟ್ಟರೆಂದು ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿ, ಪಾವತಿ ಪ್ರಚಾರದ ಗುರುತು ಹಾಕಿ. ಪ್ರವೇಶವನ್ನು ಮಾತ್ರ ಅವರ ಅಂಗಡಿಯ ಬಾಗಿಲಿಗೆ ಕಟ್ಟಬೇಡಿ.

ಸಬ್‌ಸ್ಕ್ರೈಬ್ ಮಾಡಿದರೆ ಮಾತ್ರ?

ನಿಯಮ ಮುರಿಯುವುದು ಅತಿ ಹೆಚ್ಚು ಇಲ್ಲೇ. ‘ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ, ಐದು ಜನ ಗೆಳೆಯರನ್ನು ಟ್ಯಾಗ್ ಮಾಡಿ’ ಎಂಬುದು ಈಗ ಮಂತ್ರದ ಹಾಗೆ ಬಾಯಿಗೆ ಬಂದುಬಿಟ್ಟಿದೆ. ಸಬ್‌ಸ್ಕ್ರೈಬ್ ಆಗಿ ಎಂದು ಕೇಳಿಕೊಳ್ಳುವುದಕ್ಕೆ ಯೂಟ್ಯೂಬ್ ಅಡ್ಡಿ ಮಾಡುವುದಿಲ್ಲ. ಸ್ಪರ್ಧೆಯ ನೆಪದಲ್ಲಿ ವೀಕ್ಷಣೆ, ಲೈಕ್, ಚಂದಾದಾರರ ಸಂಖ್ಯೆಗಳನ್ನು ಕೃತಕವಾಗಿ ಏರಿಸಬಾರದು ಎಂದು ಮಾತ್ರ ಖಡಾಖಂಡಿತವಾಗಿ ಹೇಳುತ್ತದೆ. ಬಹುಮಾನದ ಆಸೆ ತೋರಿಸಿ ಸಂಖ್ಯೆ ಏರಿಸುವುದೊಂದೇ ಉದ್ದೇಶವಾದ ವಿಡಿಯೊ ನಕಲಿ ಎಂಗೇಜ್‌ಮೆಂಟ್ ನೀತಿಗೂ ಸಿಕ್ಕಿಬೀಳಬಹುದು. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ.

ನಿಯಮದ ಮಾತು ಬಿಟ್ಟರೂ ಆ ಷರತ್ತಿನಿಂದ ಪ್ರಯೋಜನ ಕಡಿಮೆ. ಬಹಳಷ್ಟು ವೀಕ್ಷಕರು ತಮ್ಮ ಚಂದಾ ಪಟ್ಟಿಯನ್ನು ಖಾಸಗಿಯಾಗಿ ಇಟ್ಟಿರುತ್ತಾರೆ. ಸ್ಟುಡಿಯೊದಲ್ಲಿ ಹುಡುಕಿದರೆ ಬಹಿರಂಗವಾಗಿ ಇಟ್ಟವರಷ್ಟೇ ಕಾಣುತ್ತಾರೆ. ಹಾಗಾಗಿ ‘ಸಬ್‌ಸ್ಕ್ರೈಬರ್‌ಗಳಿಗೆ ಮಾತ್ರ’ ಎಂಬ ಷರತ್ತನ್ನು ಆಯೋಜಕನೇ ಪರಿಶೀಲಿಸಲಾರ. ಪರಿಶೀಲಿಸಲಾಗದ ಷರತ್ತು ಬೇಡದವರನ್ನು ಕೈಬಿಡುವುದಕ್ಕೆ ಒಂದು ನೆಪವಾಗಿ ಉಳಿಯುತ್ತದೆ. ಗೆದ್ದವನಿಗೆ ಚಂದಾ ಇಲ್ಲವೆಂದು ಹೆಸರು ಬದಲಿಸಿದರೆ ನಂಬುವವರು ಯಾರು?

ಫೇಸ್‌ಬುಕ್ ಇನ್ನೂ ನೇರವಾಗಿ ಹೇಳಿದೆ. ಪೇಜ್, ಗ್ರೂಪ್, ಇವೆಂಟ್‌ಗಳಲ್ಲಿ ಸ್ಪರ್ಧೆ ನಡೆಸಬಹುದು. ‘ನಿಮ್ಮ ಟೈಮ್‌ಲೈನ್‌ನಲ್ಲಿ ಶೇರ್ ಮಾಡಿದರೆ ಪ್ರವೇಶ’, ‘ಗೆಳೆಯರನ್ನು ಟ್ಯಾಗ್ ಮಾಡಿದರೆ ಪ್ರವೇಶ’ ಎನ್ನುವಂತಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊದಲ್ಲಿ ಇಲ್ಲದವರನ್ನು ಇದ್ದಾರೆಂದು ಟ್ಯಾಗ್ ಮಾಡಿಸುವುದು ತಪ್ಪು. ಈ ಸ್ಪರ್ಧೆಗೂ ತಮಗೂ ಸಂಬಂಧವಿಲ್ಲ ಎಂದು ಆಯೋಜಕ ಬರೆಯಬೇಕೆಂದು ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಕೇಳುತ್ತವೆ. ಫೋಟೊ ಅಥವಾ ಹಾಡಿನ ಸ್ಪರ್ಧೆಯಾದರೆ ಯೂಟ್ಯೂಬ್‌ನ ಇನ್ನೊಂದು ನಿಯಮ ಮುಖ್ಯ. ಕಳಿಸಿದವರ ಕೃತಿಯ ಪೂರ್ಣ ಹಕ್ಕನ್ನು ಬರೆಸಿಕೊಳ್ಳುವಂತಿಲ್ಲ, ಚಾನೆಲ್‌ನಲ್ಲಿ ತೋರಿಸಲು ಅನುಮತಿ ಕೇಳಬಹುದು ಅಷ್ಟೇ.

ಪಟ್ಟಿ ಹೇಗೆ ಕೆಡುತ್ತದೆ

ಒಂದು ಉದಾಹರಣೆ ಕಟ್ಟಿಕೊಂಡು ಮುಂದೆ ಹೋಗೋಣ. ದೇವದುರ್ಗದ ಒಂದು ಕೃಷಿ ಚಾನೆಲ್ ಎಂದಿಟ್ಟುಕೊಳ್ಳಿ. ಬಹುಮಾನ 3,500 ರೂಪಾಯಿಯ ಬ್ಯಾಟರಿ ಸ್ಪ್ರೇಯರ್. ಹತ್ತಿಯ ಕಾಯಿ ಬಿಡಿಸಿ ಒಳಗಿನ ಹುಳು ತೋರಿಸಿ, ‘ಇದರ ಹೆಸರೇನು?’ ಎಂಬ ಪ್ರಶ್ನೆ. ಸರಿ ಉತ್ತರ ಕೊಟ್ಟವರಲ್ಲಿ ಒಬ್ಬರಿಗೆ ಬಹುಮಾನ.

ಉತ್ತರವನ್ನು ಕಮೆಂಟಿನಲ್ಲಿ ಕೇಳಿದರೆ ತೊಂದರೆ ಮೊದಲ ನಿಮಿಷದಲ್ಲೇ ಶುರು. ಒಬ್ಬ ಬರೆದ ಉತ್ತರವನ್ನು ಮುಂದಿನವರೆಲ್ಲ ನೋಡಿ ಬರೆಯುತ್ತಾರೆ. ತಪ್ಪು ಬರೆದವರು ಆಮೇಲೆ ತಿದ್ದುತ್ತಾರೆ. ತಿದ್ದಿದ ಗುರುತು ಕಾಣುತ್ತದೆ, ಮೊದಲು ಏನಿತ್ತು ಎಂದು ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಮರೆಯಲ್ಲಿ ನಡೆಯುತ್ತದೆ. ಯೂಟ್ಯೂಬ್ ಅನುಮಾನ ಬಂದ ಕಮೆಂಟುಗಳನ್ನು ತಡೆದು ಸ್ಟುಡಿಯೊದ `Held for review` ಎಂಬ ಕಡೆ ಇಡುತ್ತದೆ. ಫೋನ್ ನಂಬರ್ ಹಾಕಿದ್ದಕ್ಕೋ ಒಂದೇ ಥರದ ಸಾಲು ನೂರು ಸಲ ಬಂದದ್ದಕ್ಕೋ ಅದಕ್ಕೆ ಅನುಮಾನ ಬಂದಿರಬಹುದು. ಬರೆದವನಿಗೆ ತನ್ನ ಕಮೆಂಟ್ ಹೋಯಿತು ಎಂದೇ ಅನಿಸಿರುತ್ತದೆ. ಕಮೆಂಟ್ ಆರಿಸುವ ಜಾಲತಾಣಕ್ಕೆ ವಿಡಿಯೊದ ಕೊಂಡಿ ಕೊಟ್ಟರೆ ಅದು ಬಹಿರಂಗವಾಗಿ ಕಾಣುವ ಕಮೆಂಟುಗಳಿಂದ ಮಾತ್ರ ಆರಿಸುತ್ತದೆ. ‘ನಮ್ಮ ಕಮೆಂಟ್ ಎಲ್ಲಿ ಹೋತ್ರಿ?’ ಎಂದು ಕೇಳುವವನ ದೂರು ಹಲವು ಸಲ ನ್ಯಾಯವಾದದ್ದೇ. ಕಮೆಂಟಿನ ಮೂಲಕವೇ ನಡೆಸುವುದಾದರೆ ಗಡುವು ಮುಗಿದ ಕೂಡಲೇ ಆ ತಡೆಹಿಡಿದ ಪಟ್ಟಿಯನ್ನು ತೆರೆದು, ಅರ್ಹವಾದವನ್ನು ಬಿಟ್ಟು, ಆಮೇಲೆ ಎಣಿಸಬೇಕು.

ಉತ್ತರ ಬೇಕಿದ್ದರೆ ಗೂಗಲ್ ಫಾರ್ಮ್ ಒಳ್ಳೆಯದು. ಪ್ರತಿ ಪ್ರವೇಶಕ್ಕೂ ದಿನಾಂಕ, ಗಂಟೆ, ನಿಮಿಷ ತಾನಾಗಿ ದಾಖಲಾಗುತ್ತದೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಸರು, ಊರು, ಫೋನ್ ನಂಬರ್, ಉತ್ತರ ಇಷ್ಟೇ ಸಾಕು. ಆಧಾರ್, ಪಹಣಿ, ಬ್ಯಾಂಕ್ ವಿವರ ಕೇಳಲು ಕಾರಣವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲ ಆಶಯವೂ ಇದೇ: ಯಾವ ಕೆಲಸಕ್ಕೆ ಕೇಳಿದ್ದೋ ಆ ಕೆಲಸಕ್ಕೆ ಮಾತ್ರ ಬಳಸಿ, ಮುಗಿದ ಮೇಲೆ ಅಳಿಸಿ. ಬಂದ ಫೋನ್ ನಂಬರುಗಳನ್ನು ಔಷಧಿ ಅಂಗಡಿಯವರಿಗೆ ದಾಟಿಸಿದರೆ ಆಶಯ ಅಲ್ಲಿಗೇ ಮುರಿಯಿತು.

ನಮ್ಮ ಉದಾಹರಣೆಯಲ್ಲಿ 231 ಪ್ರವೇಶ ಬಂದವು ಎನ್ನೋಣ. ಈಗ ಬೆಂಗಳೂರಿನ ಪದಬಂಧದ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ: ಯಾವುದು ಸರಿ ಉತ್ತರ? ‘ಗುಲಾಬಿ ಕಾಯಿಕೊರಕ’ ಎಂದು ಕೆಲವರು ಬರೆದರು, ‘ಗುಲಾಬಿ ಹುಳ’ ಎಂದು ಕೆಲವರು, ಇಂಗ್ಲಿಷ್ ಹೆಸರನ್ನು ತಪ್ಪು ಕಾಗುಣಿತದಲ್ಲಿ ಕೆಲವರು, ಬರೀ ‘ಕಾಯಿಕೊರಕ’ ಎಂದು ಇನ್ನು ಕೆಲವರು. ಹತ್ತಿಯಲ್ಲಿ ಹಸಿರು ಕಾಯಿಕೊರಕವೂ ಇರುವುದರಿಂದ ಕೊನೆಯದು ಅರ್ಧ ಉತ್ತರ. ಅದನ್ನು ತೆಗೆದುಕೊಳ್ಳಬೇಕೋ ಬಿಡಬೇಕೋ ಎಂದು ಹೆಸರುಗಳನ್ನು ನೋಡಿದ ಮೇಲೆ ತೀರ್ಮಾನಿಸಿದರೆ ಆಯ್ಕೆ ಕೆಟ್ಟಂತೆ. ‘ಯಾವ ಜಾತಿಯ ಕಾಯಿಕೊರಕ ಎಂದು ತಿಳಿಯುವಂತೆ ಬರೆಯಿರಿ, ಆಡುಮಾತಿನ ಹೆಸರೂ ನಡೆಯುತ್ತದೆ, ಕಾಗುಣಿತ ಲೆಕ್ಕಕ್ಕಿಲ್ಲ’ ಎಂದು ಪ್ರಶ್ನೆಯ ಜೊತೆಯಲ್ಲೇ ಹೇಳಿರಬೇಕು.

ಆ ನಿಯಮದಂತೆ 28 ಉತ್ತರ ತಪ್ಪು. ಒಂದೇ ಫೋನ್ ನಂಬರಿನಿಂದ ಎರಡನೆಯ ಸಲ ಬಂದವು 9. ಗಡುವು ಮೀರಿದವು 4. ಚಾನೆಲ್‌ನವರ ಮನೆಯವರು ಮತ್ತು ಕ್ಯಾಮೆರಾ ಹಿಡಿಯುವ ಹುಡುಗನದು ಸೇರಿ 3. ಉಳಿದದ್ದು 187. ಇವನ್ನು ಬಂದ ಸಮಯದ ಕ್ರಮದಲ್ಲಿ 1ರಿಂದ 187ರವರೆಗೆ ಅಂಕಿ ಹಾಕಿ, ಆಯ್ಕೆಯ ಹಿಂದಿನ ದಿನವೇ ಪ್ರಕಟಿಸಬೇಕು. ಪೂರ್ತಿ ಫೋನ್ ನಂಬರ್ ಹಾಕಬಾರದು. ‘43. ಬ— , ಜಾಲಹಳ್ಳಿ, ಕೊನೆಯ ಎರಡು ಅಂಕಿ 68’ ಎಂಬಷ್ಟು ಸಾಕು. ಭಾಗವಹಿಸಿದವನಿಗೆ ತನ್ನ ಸಾಲು ಗುರುತಾಗುತ್ತದೆ, ಬೇರೆಯವರಿಗೆ ಅವನ ನಂಬರ್ ಸಿಗುವುದಿಲ್ಲ. ಎಷ್ಟು ಪ್ರವೇಶ ಯಾವ ಕಾರಣಕ್ಕೆ ಬಿದ್ದವು ಎಂಬ ಲೆಕ್ಕವೂ ಜೊತೆಗಿರಬೇಕು. ಹೆಸರು ಬಿಟ್ಟುಹೋಗಿದ್ದರೆ ಹೇಳಲು ಒಂದು ದಿನ ಅವಕಾಶ. ಆಮೇಲೆ ಪಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ.

ಗಡಿಗೆಯಲ್ಲಿ ಚೀಟಿ, ಪರದೆಯ ಮೇಲೆ ಚಕ್ರ

ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ ಸಣ್ಣ ಮಗುವಿನ ಕೈಯಿಂದ ಎತ್ತಿಸುವುದು ನಮ್ಮಲ್ಲಿ ಎಲ್ಲರೂ ಒಪ್ಪುವ ವಿಧಾನ. ಮಗುವಿನ ಮೇಲೆ ಅನುಮಾನವಿಲ್ಲ, ಡಬ್ಬಿಯ ಮೇಲಿರಬೇಕು. 1969ರ ಡಿಸೆಂಬರ್ 1ರಂದು ಅಮೆರಿಕ ಸರ್ಕಾರ ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಕರೆಯುವ ಕ್ರಮವನ್ನು ಹೀಗೆಯೇ ನಿರ್ಧರಿಸಿತು. ವರ್ಷದ 366 ದಿನಾಂಕಗಳನ್ನು ಸಣ್ಣ ಪ್ಲಾಸ್ಟಿಕ್ ಗುಳಿಗೆಗಳಲ್ಲಿ ತುಂಬಿ ಗಾಜಿನ ಜಾಡಿಯಿಂದ ಒಂದೊಂದಾಗಿ ಎತ್ತಿದರು. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ತುಂಬಿದ್ದರು, ಸರಿಯಾಗಿ ಕಲಸಿರಲಿಲ್ಲ. ಡಿಸೆಂಬರಿನ 31 ದಿನಾಂಕಗಳಲ್ಲಿ 26 ಮೊದಲ ಅರ್ಧದಲ್ಲೇ ಬಂದವು. ಯಾರೂ ಮೋಸ ಮಾಡಿರಲಿಲ್ಲ, ಕೊನೆಗೆ ಹಾಕಿದ್ದು ಮೇಲೆ ಉಳಿದಿತ್ತು ಅಷ್ಟೇ. ಮುಂದಿನ ವರ್ಷ ವಿಧಾನವನ್ನೇ ಬದಲಿಸಿದರು. ನಮ್ಮ 187 ಚೀಟಿಗೂ ಇದೇ ಗತಿ ಬರಬಹುದು. ಒಂದೇ ಅಳತೆಯ ಕಾಗದ, ಒಂದೇ ಥರದ ಮಡಿಕೆ, ಕಾಣುವ ಡಬ್ಬಿ, ಲೈವ್‌ನಲ್ಲೇ ಎಲ್ಲ ಚೀಟಿ ಎಣಿಸಿ ಹಾಕಿ ಹಲವು ಸಲ ಮಗುಚಿ ಕಲಸುವುದು ಇಷ್ಟು ಮಾಡಿದರೆ ಇಪ್ಪತ್ತು ಮೂವತ್ತು ಹೆಸರಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ನೂರಾರು ಚೀಟಿಗೆ ನಂಬುವುದು ಕಷ್ಟ.

ಪರದೆಯ ಮೇಲೆ ತಿರುಗುವ ಬಣ್ಣದ ಚಕ್ರದ ಸಮಸ್ಯೆ ಇನ್ನೊಂದು ರೀತಿಯದು. ಚಕ್ರ ನ್ಯಾಯವಾಗಿಯೇ ತಿರುಗಬಹುದು. ಅದನ್ನು ಎಷ್ಟು ಸಲ ತಿರುಗಿಸಿದರು ಎಂದು ನೋಡುಗನಿಗೆ ಗೊತ್ತಾಗುವುದಿಲ್ಲ. ಬೇಕಾದ ಹೆಸರು ಬರುವವರೆಗೆ ತಿರುಗಿಸಿ, ಕೊನೆಯದನ್ನು ಮಾತ್ರ ರೆಕಾರ್ಡ್ ಮಾಡಿ ಹಾಕಿದರೆ ಹಿಡಿಯುವುದು ಹೇಗೆ? ಲೈವ್ ಮಾಡಿದರೂ ‘ನೆಟ್‌ವರ್ಕ್ ಹೋಯ್ತು, ಮತ್ತೊಮ್ಮೆ ಮಾಡ್ತೀನಿ’ ಎಂಬ ದಾರಿ ತೆರೆದೇ ಇರುತ್ತದೆ.

ಆಯೋಜಕನ ಕೈಗೆ ಸಿಗದ, ಎಲ್ಲರೂ ನೋಡಬಹುದಾದ, ಮುಂಚೆ ಯಾರಿಗೂ ತಿಳಿಯದ ಒಂದು ಸಂಖ್ಯೆ ಸಿಕ್ಕರೆ ಈ ತೊಡಕು ಬಿಡುತ್ತದೆ. ಮುಂಬಯಿ ಷೇರುಪೇಟೆಯ ಸೆನ್ಸೆಕ್ಸ್ ಅಂಥದ್ದು. ಪೇಟೆ ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ, ದಿನದ ಕೊನೆಯ ಅಂಕಿ ದಶಾಂಶದ ಎರಡು ಸ್ಥಾನದವರೆಗೆ ಪ್ರಕಟವಾಗುತ್ತದೆ, ಮರುದಿನದ ಪತ್ರಿಕೆಯಲ್ಲೂ ಬರುತ್ತದೆ. ‘ಮಂಗಳವಾರದ ಸೆನ್ಸೆಕ್ಸ್ ಕೊನೆಯ ಅಂಕಿಯಿಂದ ವಿಜೇತರ ಆಯ್ಕೆ’ ಎಂದು ಮೊದಲೇ ಹೇಳಿ, ಪಟ್ಟಿಯನ್ನು ಸೋಮವಾರವೇ ಪ್ರಕಟಿಸಿದರೆ ಆಯೋಜಕನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಲೆಕ್ಕ ಹೀಗೆ. ಆ ದಿನ ಸೆನ್ಸೆಕ್ಸ್ 81,347.29ಕ್ಕೆ ನಿಂತಿತು ಎಂದಿಟ್ಟುಕೊಳ್ಳಿ. ಚುಕ್ಕಿ ತೆಗೆದರೆ 8134729. ಇದನ್ನು ಪಟ್ಟಿಯ ಸಂಖ್ಯೆ 187ರಿಂದ ಭಾಗಿಸಬೇಕು. ಮೊಬೈಲ್ ಕ್ಯಾಲ್ಕುಲೇಟರ್ 43501.22 ಎಂಬಂತೆ ತೋರಿಸುತ್ತದೆ. ಪೂರ್ಣಾಂಕ 43501ನ್ನು 187ರಿಂದ ಗುಣಿಸಿದರೆ 8134687. ಮೂಲ ಸಂಖ್ಯೆಯಿಂದ ಕಳೆದರೆ ಶೇಷ 42. ಶೇಷ 0ಯಿಂದ ಶುರುವಾಗುವುದರಿಂದ ಒಂದು ಕೂಡಿಸಿ, 43ನೇ ಸಾಲಿನವರು ವಿಜೇತರು. ಮಾನ್ವಿಯಲ್ಲಿ ಕುಳಿತ ವೀಕ್ಷಕನೂ ತನ್ನ ಫೋನಿನಲ್ಲಿ ಇದೇ ಲೆಕ್ಕ ಮಾಡಿ ಇದೇ ಉತ್ತರ ಪಡೆಯಬಹುದು. ಲೈವ್ ನೋಡಬೇಕೆಂದಿಲ್ಲ, ಯಾರ ಮಾತನ್ನೂ ನಂಬಬೇಕೆಂದಿಲ್ಲ.

ಸೆನ್ಸೆಕ್ಸ್ ನಾಳೆ ಎಲ್ಲಿರುತ್ತದೆ ಎಂದು ಅಂದಾಜು ಮಾಡಬಹುದಲ್ಲ ಎಂಬ ಆಕ್ಷೇಪ ಬರಬಹುದು. ಅಂದಾಜು ಸಾವಿರದ ಸ್ಥಾನದ್ದು. ದಿನಕ್ಕೆ ನೂರಾರು ಅಂಶ ಏರಿಳಿಯುವ ಸೂಚ್ಯಂಕ, ಚುಕ್ಕಿ ತೆಗೆದ ಲೆಕ್ಕದಲ್ಲಿ ಹತ್ತಾರು ಸಾವಿರ ಮನೆ ಓಡಾಡಿರುತ್ತದೆ. ಅಷ್ಟರಲ್ಲಿ 187ರ ಸುತ್ತು ನೂರಾರು ಸಲ ಮುಗಿದಿರುವುದರಿಂದ ಶೇಷ ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಪ್ರವೇಶ ಐವತ್ತು ಸಾವಿರ ದಾಟಿದರೆ ಈ ವಾದ ನಿಲ್ಲುವುದಿಲ್ಲ, ಆಗ ಬೇರೆ ವಿಧಾನ ಬೇಕು. ಪೇಟೆಗೆ ರಜೆ ಬಂದರೆ ಮುಂದಿನ ವಹಿವಾಟಿನ ದಿನದ ಅಂಕಿ. ವಿಜೇತರು ಗಡುವಿನೊಳಗೆ ಸಿಗದಿದ್ದರೆ ಆಮೇಲಿನ ಮೊದಲ ವಹಿವಾಟಿನ ದಿನದ ಅಂಕಿಯಿಂದ ಮತ್ತೊಬ್ಬರು. ಈ ಎರಡು ಸಾಲೂ ಮೊದಲೇ ಬರೆದಿರಬೇಕು. ಬರೆಯದಿದ್ದರೆ ಬಿಟ್ಟುಕೊಟ್ಟ ಅಧಿಕಾರ ಹಿತ್ತಲ ಬಾಗಿಲಿಂದ ಮರಳಿ ಬರುತ್ತದೆ.

ಜಾಣ್ಮೆಯ ಸ್ಪರ್ಧೆಗೆ ಸೆನ್ಸೆಕ್ಸ್ ಬೇಕಿಲ್ಲ, ಅಂಕದ ಪಟ್ಟಿ ಬೇಕು. ಹೊಲದ ಫೋಟೊ ಸ್ಪರ್ಧೆಗೆ ತೀರ್ಪುಗಾರರು ಯಾರು, ಯಾವುದಕ್ಕೆ ಎಷ್ಟು ಅಂಕ, ಸಮ ಬಂದರೆ ಏನು ಎಂಬುದು ಮೊದಲು ಗೊತ್ತಿರಬೇಕು. ‘ಅತಿ ಹೆಚ್ಚು ಲೈಕ್ ಬಂದವರಿಗೆ’ ಎಂದರೆ ಲೈಕ್ ಕೊಂಡುಕೊಳ್ಳುವವರಿಗೆ ಕರೆ ಕೊಟ್ಟಂತೆ.

ನಿಯಮ ಬರೆಯುವ ಬಗೆ

ನಿಯಮಗಳನ್ನು ವಕೀಲರ ಭಾಷೆಯಲ್ಲಿ ಬರೆದರೆ ಯಾರೂ ಓದುವುದಿಲ್ಲ. ವಿಡಿಯೊದ ವಿವರಣೆಯಲ್ಲಿ ಕೂರುವ ಹಾಗೆ ಒಂದು ಮಾದರಿ:

1. ಪ್ರವೇಶ ಉಚಿತ. ಏನೂ ಕೊಳ್ಳಬೇಕಿಲ್ಲ, ಸಬ್‌ಸ್ಕ್ರೈಬ್ ಆಗಲೇಬೇಕೆಂದಿಲ್ಲ.
2. ಕರ್ನಾಟಕದಲ್ಲಿ ವಾಸಿಸುವ 18 ತುಂಬಿದವರಿಗೆ. ಒಬ್ಬರಿಗೆ ಒಂದೇ ಪ್ರವೇಶ. ನಮ್ಮ ಮನೆಯವರು, ಕೆಲಸದವರು ಭಾಗವಹಿಸುವುದಿಲ್ಲ.
3. ಬಹುಮಾನ ಒಂದು ಬ್ಯಾಟರಿ ಸ್ಪ್ರೇಯರ್, ಬೆಲೆ ಸುಮಾರು 3,500 ರೂಪಾಯಿ. ಕೊಟ್ಟವರು ಇಂಥವರು. ಬದಲಿಗೆ ನಗದು ಇಲ್ಲ. ಕಳಿಸುವ ಖರ್ಚು ನಮ್ಮದು.
4. ಉತ್ತರಕ್ಕೆ ಕೊನೆಯ ಗಡುವು ಭಾನುವಾರ ರಾತ್ರಿ 10 ಗಂಟೆ.
5. ಸೋಮವಾರ ಮುಂಜಾನೆ ಪಟ್ಟಿ ಪ್ರಕಟ. ತಕರಾರು ಇದ್ದರೆ ಮಂಗಳವಾರ ಮುಂಜಾನೆ 10ರೊಳಗೆ ಹೇಳಬೇಕು.
6. ಮಂಗಳವಾರದ ಸೆನ್ಸೆಕ್ಸ್ ಕೊನೆಯ ಅಂಕಿಯನ್ನು ಚುಕ್ಕಿ ತೆಗೆದು ಪಟ್ಟಿಯ ಸಂಖ್ಯೆಯಿಂದ ಭಾಗಿಸಿ, ಬಂದ ಶೇಷಕ್ಕೆ ಒಂದು ಕೂಡಿಸಿದ ಸಾಲಿನವರು ವಿಜೇತರು. ರಜೆ ಇದ್ದರೆ ಮುಂದಿನ ವಹಿವಾಟಿನ ದಿನ.
7. ವಿಜೇತರು ಮೂರು ದಿನದೊಳಗೆ ಸಿಗದಿದ್ದರೆ ಆಮೇಲಿನ ಮೊದಲ ವಹಿವಾಟಿನ ದಿನದ ಅಂಕಿಯಿಂದ ಇನ್ನೊಬ್ಬರು.
8. ಫೋನ್ ನಂಬರ್ ಈ ಸ್ಪರ್ಧೆಗೆ ಮಾತ್ರ. ಬಹುಮಾನ ತಲುಪಿದ 30 ದಿನದಲ್ಲಿ ಅಳಿಸುತ್ತೇವೆ.
9. ಯೂಟ್ಯೂಬ್ ಈ ಸ್ಪರ್ಧೆಯ ಪ್ರಾಯೋಜಕ ಅಲ್ಲ, ಇದಕ್ಕೆ ಹೊಣೆಯೂ ಅಲ್ಲ. ಅದರ ಸಮುದಾಯ ನಿಯಮ ಮೀರಿದ ಪ್ರವೇಶ ರದ್ದು.
10. ಬಹುಮಾನಕ್ಕಾಗಿ ನಾವು ಯಾರಿಂದಲೂ ಹಣ, ಒಟಿಪಿ ಕೇಳುವುದಿಲ್ಲ.

ಒಂಬತ್ತನೆಯ ಸಾಲಿನ ಪಕ್ಕದಲ್ಲಿ ಆ ಸಮುದಾಯ ನಿಯಮಗಳ ಕೊಂಡಿ ಇರಬೇಕು, ಯೂಟ್ಯೂಬ್ ಅದನ್ನು ಕೇಳುತ್ತದೆ. ‘ಆಯೋಜಕರ ತೀರ್ಮಾನವೇ ಅಂತಿಮ’ ಎಂಬ ರೂಢಿಯ ಸಾಲನ್ನು ಇಲ್ಲಿ ಬೇಕೆಂದೇ ಬಿಡಲಾಗಿದೆ. ವಿಧಾನ ಸ್ಪಷ್ಟವಾಗಿದ್ದರೆ ಆ ಸಾಲಿಗೆ ಕೆಲಸವಿಲ್ಲ, ಸ್ಪಷ್ಟವಿಲ್ಲದಿದ್ದರೆ ಆ ಸಾಲೇ ಅನುಮಾನದ ಮೂಲ.

ಹತ್ತು ಸಾವಿರದ ಗೆರೆ

ಬಹುಮಾನದ ಬೆಲೆ 10,000 ರೂಪಾಯಿ ದಾಟಿದರೆ ಆದಾಯ ತೆರಿಗೆಯ ನಿಯಮ ಬರುತ್ತದೆ. ನಗದಾದರೆ ಶೇ 30ರಷ್ಟು ಮೂಲದಲ್ಲೇ ಕಡಿದು ಕಟ್ಟಬೇಕು. ವಸ್ತುವಾದರೆ ಅದನ್ನು ಕೈಗೆ ಕೊಡುವ ಮೊದಲು ತೆರಿಗೆ ಕಟ್ಟಿದ್ದು ಖಾತ್ರಿಯಾಗಬೇಕು. 18,000 ರೂಪಾಯಿಯ ಮೊಬೈಲ್ ಗೆದ್ದವರಿಗೆ 5,400 ರೂಪಾಯಿ ತೆರಿಗೆ ಎಂದಾಗುತ್ತದೆ. ಇದನ್ನು ಮೊದಲೇ ಹೇಳದೆ, ಗೆದ್ದ ಮೇಲೆ ‘5,400 ಕಟ್ರಿ’ ಎಂದು ಫೋನ್ ಮಾಡಿದರೆ ಆ ಮಾತು ವಂಚಕರ ಮಾತಿನ ಹಾಗೆಯೇ ಕೇಳಿಸುತ್ತದೆ. ವಂಚಕರು ಹೇಳುವುದೂ ‘ತೆರಿಗೆ ಕಟ್ಟಿದರೆ ಬಹುಮಾನ’ ಎಂದೇ. ಕೌನ್ ಬನೇಗಾ ಕರೋಡ್‌ಪತಿ ಹೆಸರಿನ ನಕಲಿ ಲಾಟರಿ ವಾಟ್ಸ್ಆ್ಯಪ್‌ನಲ್ಲಿ ಎಷ್ಟೋ ಜನರ ಹಣ ನುಂಗಿದ್ದು ಇದೇ ದಾರಿಯಲ್ಲಿ. ಸಣ್ಣ ಚಾನೆಲ್‌ಗಳು ಬಹುಮಾನವನ್ನು ಹತ್ತು ಸಾವಿರದೊಳಗೆ ಇಟ್ಟುಕೊಳ್ಳುವುದು ಜಾಣತನ. ಆಗ ವಿಜೇತರಿಂದ ಹಣ ಕೇಳುವ ಸಂದರ್ಭವೇ ಬರುವುದಿಲ್ಲ, ಹತ್ತನೆಯ ಸಾಲು ಅಕ್ಷರಶಃ ನಿಜವಾಗುತ್ತದೆ.

ಫಲಿತಾಂಶ ಬಂದ ದಿನವೇ ಕಮೆಂಟುಗಳ ಕೆಳಗೆ ಚಾನೆಲ್‌ನದೇ ಹೆಸರು, ಚಿತ್ರ ಹಾಕಿಕೊಂಡ ನಕಲಿ ಖಾತೆಗಳು ಇಳಿಯುತ್ತವೆ. ‘ಅಭಿನಂದನೆ, ನೀವು ಗೆದ್ದಿದ್ದೀರಿ, ಈ ನಂಬರಿಗೆ ಮೆಸೇಜ್ ಮಾಡಿ’ ಎಂದು ಹತ್ತಾರು ಜನರಿಗೆ ಬರೆಯುತ್ತವೆ. ನಿಜವಾದ ಚಾನೆಲ್ ಉತ್ತರಿಸಿದಾಗ ಹೆಸರು ಬೇರೆ ಬಣ್ಣದ ಹಿನ್ನೆಲೆಯಲ್ಲಿ ಕಾಣುತ್ತದೆ, ನಕಲಿಯದು ಹಾಗೆ ಕಾಣುವುದಿಲ್ಲ. ಇದನ್ನು ವಿಡಿಯೊದಲ್ಲೇ ತೋರಿಸಿ, ವಿಜೇತರ ಸಾಲು ಸಂಖ್ಯೆಯನ್ನು ಪಿನ್ ಮಾಡಿದ ಕಮೆಂಟಿನಲ್ಲಿ ಹಾಕಬೇಕು. ಹಣ ಕಳೆದುಕೊಂಡವರಿಗೆ ಸೈಬರ್ ವಂಚನೆಯ ಸಹಾಯವಾಣಿ 1930 ಎಂದೂ ಅಲ್ಲೇ ಬರೆಯಬಹುದು. ಯಾವ ಸಾಲು ಗೆದ್ದಿತು ಎಂದು ವೀಕ್ಷಕನೇ ಲೆಕ್ಕ ಹಾಕಬಲ್ಲ ಸ್ಪರ್ಧೆಯಲ್ಲಿ ಇಂಥವರ ಆಟ ನಡೆಯುವುದು ಕಷ್ಟ. 43ನೇ ಸಾಲು ತನ್ನದಲ್ಲ ಎಂದು ಗೊತ್ತಿದ್ದವನಿಗೆ ‘ನೀವು ಗೆದ್ದಿದ್ದೀರಿ’ ಎಂದರೆ ಅವನು ನಂಬುವುದಿಲ್ಲ.

ಬಹುಮಾನ ತಲುಪಿದ ಮೇಲೆ ವಿಜೇತರು ಒಪ್ಪಿದರೆ ಫೋಟೊ ಹಾಕಿ. ಒಪ್ಪದಿದ್ದರೆ ಸಾಲು ಸಂಖ್ಯೆ, ಊರು, ತಲುಪಿದ ದಿನ ಸಾಕು. ಪಟ್ಟಿ, ಸೆನ್ಸೆಕ್ಸ್ ಅಂಕಿ, ಲೆಕ್ಕ ಮೂರನ್ನೂ ಅದೇ ವಿಡಿಯೊದ ವಿವರಣೆಯಲ್ಲಿ ಉಳಿಸಿ. ಆರು ತಿಂಗಳ ನಂತರ ಯಾರಾದರೂ ಬಂದು ‘ಅವರವರ ಮಂದಿಗೇ ಕೊಟ್ರು’ ಎಂದರೆ ವಾದ ಮಾಡುವ ಅಗತ್ಯವಿಲ್ಲ, ‘ಭಾಗಿಸಿ ನೋಡ್ರಿ’ ಎಂದರೆ ಮುಗಿಯಿತು.